ಕಿರಿಯ ಸಹೋದ್ಯೋಗಿಗೆ ಎಲ್‌ಒಆರ್: ಟೀಮ್ ಲೀಡ್ ಏನು ಬರೆಯಬೇಕು, ಹೇಗೆ ಬರೆಯಬೇಕು?

ದಸರಾ ಮುಗಿದು ದೀಪಾವಳಿ ಹತ್ತಿರವಾಗುವ ಹೊತ್ತಿಗೆ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಟೀಮ್ ಲೀಡ್‌ಗಳಿಗೆ ಒಂದು ಬೇಡಿಕೆ ಬರಲು ಶುರುವಾಗುತ್ತದೆ. ಎರಡು ಮೂರು ವರ್ಷ ಕೆಲಸ ಮಾಡಿದ ಹುಡುಗನೋ ಹುಡುಗಿಯೋ ನೀವು ಒಬ್ಬರೇ ಇರುವುದನ್ನು ನೋಡಿಕೊಂಡು ಹತ್ತಿರ ಬಂದು, "ಸರ್, ಎಂಎಸ್‌ಗೆ ಅಪ್ಲೈ ಮಾಡ್ತಿದ್ದೀನಿ. ಒಂದು ಎಲ್‌ಒಆರ್ ಬೇಕಿತ್ತು. ಡ್ರಾಫ್ಟ್ ನಾನೇ ಕಳಿಸ್ತೀನಿ, ನೀವು ಒಂದ್ಸಲ ನೋಡಿ ಸಬ್ಮಿಟ್ ಮಾಡಿದ್ರೆ ಸಾಕು" ಅನ್ನುತ್ತಾರೆ. ಆಗಸ್ಟ್ ಹೊತ್ತಿಗೆ ಶುರುವಾಗುವ ತರಗತಿಗಳಿಗೆ ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳು ಡಿಸೆಂಬರ್, ಜನವರಿಯಲ್ಲೇ ಅರ್ಜಿ ಮುಗಿಸುತ್ತವೆ. ಸಾಮಾನ್ಯವಾಗಿ ಮೂರು ಎಲ್‌ಒಆರ್, ಅಂದರೆ ಶಿಫಾರಸು ಪತ್ರ ಕೇಳುತ್ತಾರೆ. ಕೆಲಸದಲ್ಲಿರುವವರು ಎರಡನ್ನು ಕಾಲೇಜಿನ ಮೇಷ್ಟ್ರುಗಳಿಂದ, ಒಂದನ್ನು ಕಚೇರಿಯಿಂದ ತರುವುದು ವಾಡಿಕೆ. ಆ ಮೂರನೆಯ ಪತ್ರವನ್ನು ಹೇಗೆ ಬರೆಯಬೇಕು ಎಂಬುದು ಈ ಲೇಖನದ ವಿಷಯ.

ಡ್ರಾಫ್ಟ್ ಬೇಡ ಎನ್ನಿ

ಮೊದಲ ಹೆಜ್ಜೆ ಇದೇ. "ಡ್ರಾಫ್ಟ್ ಬೇಡಮ್ಮ, ನಾನೇ ಬರೀತೀನಿ. ನೀನು ವಿವರ ಕೊಡು ಸಾಕು" ಎಂದು ಅಲ್ಲೇ ಹೇಳಿಬಿಡಿ. ಅಭ್ಯರ್ಥಿಯೇ ಬರೆದು ಲೀಡ್ ಸಹಿ ಹಾಕುವ ಪದ್ಧತಿ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಅದು ತಪ್ಪು ಎಂದೇ ಅನೇಕರಿಗೆ ಅನ್ನಿಸುವುದಿಲ್ಲ. ಆದರೆ ಪತ್ರ ಬರೆದವರು ಯಾರು ಎಂಬುದರ ಮೇಲೇ ಅದರ ಬೆಲೆ ನಿಂತಿದೆ. ಮೂರು ಪತ್ರಗಳೂ ಅಭ್ಯರ್ಥಿಯ ಸ್ವಂತ ಪ್ರಬಂಧವೂ ಒಂದೇ ಕೈಯಿಂದ ಬಂದಿದ್ದರೆ, ಅವನ್ನು ಒಟ್ಟಿಗೆ ಓದುವ ಪ್ರಾಧ್ಯಾಪಕರಿಗೆ ಅದು ಕಾಣುತ್ತದೆ. ಅದೇ ವಾಕ್ಯದ ಓಟ, ಅದೇ ಮೂರು ವಿಶೇಷಣ, ಅದೇ ಪ್ರಾಜೆಕ್ಟ್ ವಿವರಣೆ. ಅನುಮಾನ ಬಂದರೆ ಒಳ್ಳೆಯ ಅರ್ಜಿಯೂ ಪಕ್ಕಕ್ಕೆ ಸರಿಯಬಹುದು.

ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಆ ಹುಡುಗಿ ತಾನು ಏನು ಮಾಡಿದೆ ಎಂದು ಬರೆಯಬಲ್ಲಳು. ಅದು ಪಕ್ಕದಲ್ಲಿ ಕೂತು ನೋಡಿದವರಿಗೆ ಹೇಗೆ ಕಂಡಿತು, ಅದೇ ಹಂತದಲ್ಲಿ ಉಳಿದವರು ಏನು ಮಾಡುತ್ತಿದ್ದರು ಎಂಬುದು ಅವಳಿಗೆ ಗೊತ್ತಿರುವುದಿಲ್ಲ. ಪತ್ರದಲ್ಲಿ ಬೇಕಾದದ್ದು ಅದೇ.

ಒಪ್ಪುವ ಮೊದಲು ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಇವಳ ಕೆಲಸದ ಬಗ್ಗೆ, ನಾನು ಕಣ್ಣಾರೆ ಕಂಡ ಒಂದು ಘಟನೆಯನ್ನು ಈಗ ಎರಡು ನಿಮಿಷ ಹೇಳಬಲ್ಲೆನೆ? ಎಷ್ಟು ಯೋಚಿಸಿದರೂ ಏನೂ ಹೊಳೆಯದಿದ್ದರೆ ಆ ಪತ್ರ ಗಟ್ಟಿಯಾಗುವುದಿಲ್ಲ. ಆಗ "ನಿನ್ನ ಕೆಲಸ ನನಗಿಂತ ಹತ್ತಿರದಿಂದ ನೋಡಿದವರು ಬರೆದರೆ ನಿನಗೆ ಹೆಚ್ಚು ಅನುಕೂಲ" ಎಂದು ನೇರವಾಗಿ ಹೇಳುವುದು ಉಪಕಾರ. ಡೆಡ್‌ಲೈನ್‌ಗೆ ಆರು ವಾರ ಇರುವಾಗ ಹೇಳಿದರೆ ಬೇರೆಯವರನ್ನು ಕೇಳಲು ಅವಳಿಗೆ ಸಮಯವಿರುತ್ತದೆ. ಇದೇ ಮಾತು ಇನ್ನೊಂದು ದಿಕ್ಕಿನಿಂದಲೂ ನಿಜ. ಎಷ್ಟೋ ಜನ ದೊಡ್ಡ ಹುದ್ದೆಯ ಹೆಸರಿರಲಿ ಎಂದು ಡೆಲಿವರಿ ಹೆಡ್ ಹತ್ತಿರ, ವೈಸ್ ಪ್ರೆಸಿಡೆಂಟ್ ಹತ್ತಿರ ಹೋಗುತ್ತಾರೆ. ದಿನವೂ ಕೋಡ್ ರಿವ್ಯೂ ಮಾಡಿದ ಲೀಡ್ ಬರೆದ ಒಂದು ಪುಟ, ತಿಂಗಳಿಗೊಮ್ಮೆ ಮೀಟಿಂಗ್‌ನಲ್ಲಿ ಮುಖ ನೋಡಿದವರ ಎರಡು ಪುಟಕ್ಕಿಂತ ಹೆಚ್ಚು ತೂಗುತ್ತದೆ.

ಇಲ್ಲೇ ಎರಡು ಸಂಗತಿ ಮಾತಾಡಿ ಮುಗಿಸಿ. ಒಂದು, ಅವಳು ಓದಲು ಹೋಗುವ ವಿಷಯ ತಂಡದಲ್ಲಿ, ಮೇಲಿನವರಲ್ಲಿ ಯಾರಿಗೆ ಗೊತ್ತು ಎಂಬುದು. ಅಡ್ಮಿಷನ್ ಸಿಗುವುದು ಇನ್ನೂ ಐದಾರು ತಿಂಗಳ ನಂತರದ ಮಾತು. ಅಷ್ಟರೊಳಗೆ ಅಪ್ರೈಸಲ್ ಇರಬಹುದು. ನಿಮ್ಮ ಬಾಯಿಂದ ಸುದ್ದಿ ಹೊರಗೆ ಹೋಗಬಾರದು. ಇನ್ನೊಂದು, ಕಂಪನಿಯ ನಿಯಮ. ಲೆಟರ್‌ಹೆಡ್‌ನಲ್ಲಿ ಶಿಫಾರಸು ಪತ್ರ ಕೊಡಲು ಲೀಡ್‌ಗಳಿಗೆ ಅನುಮತಿ ಇಲ್ಲದ ಕಂಪನಿಗಳಿವೆ. ಅಲ್ಲಿ ಎಚ್‌ಆರ್ ಕೊಡುವುದು ಅನುಭವ ಪತ್ರ ಮಾತ್ರ. ಅವಳ ಹೆಸರು ಎತ್ತದೆ "ಉನ್ನತ ವ್ಯಾಸಂಗಕ್ಕೆ ಎಲ್‌ಒಆರ್ ಕೊಡಲು ನಮ್ಮಲ್ಲಿ ಏನು ನಿಯಮ?" ಎಂದು ಎಚ್‌ಆರ್‌ಗೆ ಕೇಳಿ. ಲೆಟರ್‌ಹೆಡ್ ಇಲ್ಲ ಅಂದರೆ ಸಾದಾ ಹಾಳೆಯಲ್ಲಿ ನಿಮ್ಮ ಹೆಸರು, ಹುದ್ದೆ ಹಾಕಿ, ಇವು ವೈಯಕ್ತಿಕ ಅಭಿಪ್ರಾಯ ಎಂದು ಒಂದು ಸಾಲು ಸೇರಿಸಲು ಬಿಡುತ್ತಾರೆಯೇ ಎಂದೂ ಆಗಲೇ ಕೇಳಿಕೊಳ್ಳಿ.

ಅವಳಿಂದ ಏನು ತರಿಸಿಕೊಳ್ಳಬೇಕು

ರೆಸ್ಯೂಮೆ, ಅಂಕಪಟ್ಟಿ, ವಿಶ್ವವಿದ್ಯಾಲಯಕ್ಕೆ ಬರೆಯುತ್ತಿರುವ ಪ್ರಬಂಧದ ಕರಡು, ವಿಶ್ವವಿದ್ಯಾಲಯಗಳ ಪಟ್ಟಿ ಮತ್ತು ಪ್ರತಿಯೊಂದರ ಕೊನೆಯ ದಿನಾಂಕ. ಇಷ್ಟು ಎಲ್ಲರೂ ಕಳಿಸುತ್ತಾರೆ. ಇದರ ಜೊತೆಗೆ ಒಂದು ಪುಟ ಬರೆಸಿಕೊಳ್ಳಿ: "ನೀನು ಇಲ್ಲಿ ಮಾಡಿದ ಕೆಲಸದಲ್ಲಿ ನಿನಗೆ ತೃಪ್ತಿ ಕೊಟ್ಟ ಮೂರು ಯಾವುವು, ಯಾವಾಗ ನಡೆದವು, ಯಾವುದರಲ್ಲಿ ತುಂಬ ಕಷ್ಟಪಟ್ಟೆ?" ಇದು ನಕಲು ಮಾಡಲಿಕ್ಕಲ್ಲ, ನಿಮ್ಮ ನೆನಪು ಕೆದಕಲಿಕ್ಕೆ. ಎರಡು ವರ್ಷದ ಹಿಂದಿನ ಸ್ಪ್ರಿಂಟ್‌ನಲ್ಲಿ ಏನಾಯಿತು ಎಂದು ಯಾರಿಗೂ ತಾನಾಗಿ ನೆನಪಾಗುವುದಿಲ್ಲ. ಅವಳು ದಿನಾಂಕ ಕೊಟ್ಟರೆ ನೀವು ಹಳೆಯ ಟಿಕೆಟ್, ರಿವ್ಯೂ ಕಾಮೆಂಟ್, ಮೇಲ್ ತೆಗೆದು ನೋಡಬಹುದು. ಅಲ್ಲಿ ಸಿಗುವುದೇ ಪತ್ರದ ತಿರುಳು.

ಒಂದು ಘಟನೆಯನ್ನು ಹುಡುಕಿ ತೆಗೆಯುವುದು

ಪತ್ರ ಓದುವವರು ಪ್ರಾಧ್ಯಾಪಕರು. ನಿಮ್ಮ ಕಂಪನಿಯ ವ್ಯವಹಾರದಲ್ಲಿ ಅವರಿಗೆ ಆಸಕ್ತಿಯಿಲ್ಲ. ಪರೀಕ್ಷೆಯಲ್ಲಿ ಹೇಗೆ ಬರೆಯುತ್ತಾಳೆ ಎಂಬುದು ಅಂಕಪಟ್ಟಿಯಲ್ಲಿದೆ, ಪಾಠ ಹೇಗೆ ಕೇಳುತ್ತಾಳೆ ಎಂದು ಮೇಷ್ಟ್ರುಗಳು ಬರೆದಿರುತ್ತಾರೆ. ಉತ್ತರ ಯಾರಿಗೂ ಗೊತ್ತಿಲ್ಲದ ಪ್ರಶ್ನೆ ಎದುರಾದಾಗ ಏನು ಮಾಡುತ್ತಾಳೆ ಎಂಬುದನ್ನು ನೋಡಿರುವವರು ನೀವು. ಹಾಗಾಗಿ ಹುಡುಕಬೇಕಾದದ್ದು ದೊಡ್ಡ ರಿಲೀಸ್ ಅಲ್ಲ, ಕ್ಲೈಂಟ್ ಮೆಚ್ಚುಗೆಯ ಮೇಲ್ ಅಲ್ಲ; ಅವಳು ತಾನಾಗಿ ಯೋಚಿಸಿದ ಒಂದು ಸಂದರ್ಭ.

ಒಂದು ಪ್ರಕರಣ ತೆಗೆದುಕೊಳ್ಳೋಣ. ಬ್ಯಾಂಕಿಂಗ್ ಪ್ರಾಜೆಕ್ಟ್. ರಾತ್ರಿ ಖಾತೆಗಳ ಲೆಕ್ಕ ತಾಳೆ ಹಾಕುವ ಬ್ಯಾಚ್ ಜಾಬ್ ಒಂದು ತಿಂಗಳಿಗೆ ಒಂದೆರಡು ಸಲ ನಡುವೆ ನಿಂತುಬಿಡುತ್ತಿತ್ತು. ಸಪೋರ್ಟ್‌ನವರು ಮತ್ತೆ ಓಡಿಸುತ್ತಿದ್ದರು, ಎರಡನೇ ಸಲ ಸಲೀಸಾಗಿ ಮುಗಿಯುತ್ತಿತ್ತು, ಟಿಕೆಟ್ ಕ್ಲೋಸ್. ವರ್ಷದಿಂದ ಹೀಗೇ ನಡೆದಿತ್ತು. ಕೆಲಸಕ್ಕೆ ಸೇರಿ ಒಂದು ವರ್ಷವಾಗಿದ್ದ ಹುಡುಗಿ, ಯಾರೂ ಹೇಳದೆ, ನಿಂತ ರಾತ್ರಿಗಳ ಲಾಗ್‌ಗಳನ್ನೆಲ್ಲ ಒಟ್ಟು ಹಾಕಿದಳು. ಆ ರಾತ್ರಿಗಳಲ್ಲೆಲ್ಲ ಬಡ್ಡಿ ಜಮಾ ಮಾಡುವ ಇನ್ನೊಂದು ಜಾಬ್ ಕೂಡ ಅದೇ ಹೊತ್ತಿಗೆ ಓಡುತ್ತಿತ್ತು ಎಂಬುದು ಕಂಡಿತು. ಎರಡೂ ಜಾಬ್‌ಗಳು ಮುಟ್ಟುವುದು ಅದೇ ಖಾತೆಗಳನ್ನು, ಆದರೆ ಒಂದು ಖಾತೆ ಸಂಖ್ಯೆಯ ಕ್ರಮದಲ್ಲಿ, ಇನ್ನೊಂದು ಶಾಖೆಯ ಕ್ರಮದಲ್ಲಿ. ಒಂದು ಜಾಬ್ ಮೊದಲ ಖಾತೆಯನ್ನು ಹಿಡಿದುಕೊಂಡು ಎರಡನೆಯದಕ್ಕೆ ಕಾಯುತ್ತದೆ. ಮತ್ತೊಂದು ಆ ಎರಡನೆಯದನ್ನು ಹಿಡಿದುಕೊಂಡು ಮೊದಲನೆಯದಕ್ಕೆ ಕಾಯುತ್ತದೆ. ಇಬ್ಬರೂ ಬಿಡುವುದಿಲ್ಲ. ಡೇಟಾಬೇಸ್ ಈ ಡೆಡ್‌ಲಾಕ್ ಕಂಡುಹಿಡಿದು ಒಂದನ್ನು ಕೊಲ್ಲುತ್ತದೆ. ಮತ್ತೆ ಓಡಿಸಿದಾಗ ಬಡ್ಡಿ ಜಾಬ್ ಮುಗಿದಿರುವುದರಿಂದ ಯಾವ ತೊಂದರೆಯೂ ಕಾಣುವುದಿಲ್ಲ.

ಇಷ್ಟಕ್ಕೇ ಅವಳು ನಿಲ್ಲಲಿಲ್ಲ. ಟೆಸ್ಟ್ ಡೇಟಾಬೇಸ್‌ನಲ್ಲಿ ಎರಡೇ ಖಾತೆ ಇಟ್ಟುಕೊಂಡು, ಎರಡು ವಿಂಡೋ ತೆರೆದು, ಒಂದೊಂದೇ ಹೆಜ್ಜೆ ಓಡಿಸಿ ಅದೇ ಎರರ್ ಬರಿಸಿ ತೋರಿಸಿದಳು. "ಆಟೊ ರೀಟ್ರೈ ಹಾಕಿದರೆ ಮುಗೀತಲ್ಲ?" ಎಂದು ಲೀಡ್ ಕೇಳಿದಾಗ, "ಹಾಕಬಹುದು ಸರ್, ಆದ್ರೆ ಖಾತೆ ಹೆಚ್ಚಾದಂತೆ ಎರಡೂ ಜಾಬ್ ಹೊತ್ತು ತಗೊಳ್ಳುತ್ವೆ, ಡಿಕ್ಕಿ ಹೊಡೆಯೋದೂ ಹೆಚ್ಚಾಗುತ್ತೆ" ಎಂದಳು. ಎರಡೂ ಜಾಬ್‌ಗಳು ಒಂದೇ ಕ್ರಮದಲ್ಲಿ ಖಾತೆಗಳನ್ನು ಮುಟ್ಟುವಂತೆ ಬದಲಿಸಲಾಯಿತು. ಅದಾದ ಮೇಲೆ ಆ ಜಾಬ್ ಆ ಕಾರಣಕ್ಕೆ ನಿಲ್ಲಲಿಲ್ಲ. ಅವಳು ಬರೆದ ಎರಡು ಪುಟದ ಟಿಪ್ಪಣಿಯ ಕೊನೆಯಲ್ಲಿ, ಅದೇ ಟೇಬಲ್‌ಗಳನ್ನು ಮುಟ್ಟುವ ಇನ್ನೂ ಮೂರು ಜಾಬ್‌ಗಳಿವೆ, ಅವನ್ನು ತಾನು ಪರೀಕ್ಷಿಸಿಲ್ಲ ಎಂದು ಹೆಸರು ಸಮೇತ ಬರೆದಿದ್ದಳು.

ಈ ಕೊನೆಯ ಸಾಲು ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುತ್ತದೆ. ಸಮಸ್ಯೆ ಪರಿಹರಿಸುವವರು ಬೇಕಾದಷ್ಟು ಜನ ಸಿಗುತ್ತಾರೆ. ತನ್ನ ಉತ್ತರ ಎಲ್ಲಿಯವರೆಗೆ ನಿಜ, ಎಲ್ಲಿಂದಾಚೆ ಗೊತ್ತಿಲ್ಲ ಎಂದು ಗೆರೆ ಎಳೆಯುವವರು ಕಡಿಮೆ. ಸಂಶೋಧನೆ ಮಾಡಿಸುವ ಪ್ರಾಧ್ಯಾಪಕರು ಹುಡುಕುವುದು ಈ ಗುಣವನ್ನೇ. ಇದು ಅವಳ ರೆಸ್ಯೂಮೆಯಲ್ಲಿ "ಬ್ಯಾಚ್ ಜಾಬ್ ವೈಫಲ್ಯ ನಿವಾರಿಸಿದೆ" ಎಂಬ ಒಂದು ಸಾಲಾಗಿ ಇರುತ್ತದೆ. ಅದರ ಹಿಂದಿನ ಕಥೆ ನೀವು ಬರೆಯದಿದ್ದರೆ ಯಾರಿಗೂ ತಿಳಿಯುವುದಿಲ್ಲ.

ಕಾಗದಕ್ಕೆ ಇಳಿಸುವುದು

ಒಂದು ಪುಟ, ಹೆಚ್ಚೆಂದರೆ ಒಂದೂವರೆ. ಪತ್ರ ಇಂಗ್ಲಿಷಿನಲ್ಲೇ ಹೋಗುತ್ತದೆ, ಆದರೆ ಕಚೇರಿ ಕಾಗದಗಳ ಗಡಸು ಇಂಗ್ಲಿಷ್ ಬೇಡ. ಮೀಟಿಂಗ್‌ನಲ್ಲಿ ನೀವು ವಿವರಿಸುವಂತೆ ಸರಳವಾಗಿ ಬರೆಯಿರಿ.

ಮೊದಲ ಪ್ಯಾರಾದಲ್ಲಿ ನೀವು ಯಾರು, ಅವಳನ್ನು ಎಷ್ಟು ಕಾಲದಿಂದ, ಯಾವ ನೆಲೆಯಲ್ಲಿ ಬಲ್ಲಿರಿ ಎಂಬುದು ಬರಲಿ. ಕಂಪನಿಯ ಪರಿಚಯಕ್ಕೆ ಒಂದು ವಾಕ್ಯ ಸಾಕು. ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ಇವರು ಎರಡೂವರೆ ವರ್ಷದಿಂದ ನನ್ನ ಏಳು ಜನರ ತಂಡದಲ್ಲಿದ್ದಾರೆ. ವಾರದ ಐದೂ ದಿನ ಇವರ ಕೆಲಸವನ್ನು ನೇರವಾಗಿ ನೋಡುತ್ತೇನೆ, ಇವರ ಕೋಡ್‌ನ ಬಹುಪಾಲನ್ನು ನಾನೇ ರಿವ್ಯೂ ಮಾಡಿದ್ದೇನೆ." ಇಷ್ಟು ಓದಿದ ಕೂಡಲೇ, ಮುಂದಿನ ಮಾತನ್ನು ಎಷ್ಟು ನಂಬಬಹುದು ಎಂಬುದು ಓದುವವರಿಗೆ ಗೊತ್ತಾಗುತ್ತದೆ.

ಎರಡನೆಯ ಪ್ಯಾರಾ ಪೂರ್ತಿ ಆ ಘಟನೆಗೆ ಬಿಡಿ. ಸಾಮಾನ್ಯವಾಗಿ ಲೀಡ್‌ಗಳು ಬರೆಯುವುದು ಹೀಗಿರುತ್ತದೆ: "ಇವರು ಪರಿಶ್ರಮಿ, ಬೇಗ ಕಲಿಯುತ್ತಾರೆ, ತಂಡದೊಂದಿಗೆ ಹೊಂದಿಕೊಳ್ಳುತ್ತಾರೆ, ಸಮಸ್ಯೆ ಬಿಡಿಸುವುದರಲ್ಲಿ ನಿಪುಣರು." ಸುಳ್ಳೇನಲ್ಲ. ಆದರೆ ಹೆಸರು ಬದಲಿಸಿದರೆ ಇದೇ ಸಾಲು ಪಕ್ಕದ ಕುರ್ಚಿಯವನಿಗೂ ಹೊಂದುತ್ತದೆ. ಬರೆದದ್ದು ಗಟ್ಟಿಯೋ ಟೊಳ್ಳೋ ಎಂದು ತಿಳಿಯಲು ಇದೇ ಪರೀಕ್ಷೆ: ಹೆಸರು ಅಳಿಸಿ ಓದಿ, ತಂಡದಲ್ಲಿ ಇನ್ನೊಬ್ಬರಿಗೆ ಒಪ್ಪುವ ವಾಕ್ಯವಿದ್ದರೆ ತೆಗೆದುಹಾಕಿ. ಅದರ ಜಾಗದಲ್ಲಿ ಇದನ್ನು ಬರೆಯಿರಿ: "ಒಂದು ವರ್ಷದಿಂದ ಮರು-ಓಟದಿಂದಲೇ ಸರಿಹೋಗುತ್ತಿದ್ದ ವೈಫಲ್ಯವನ್ನು ಇವರು ಯಾರೂ ಹೇಳದೆ ಕೈಗೆತ್ತಿಕೊಂಡರು. ವಿಫಲವಾದ ರಾತ್ರಿಗಳಿಗೆ ಸಾಮಾನ್ಯವಾದದ್ದು ಏನು ಎಂದು ಹುಡುಕಿ, ಎರಡು ಕೆಲಸಗಳು ಬೇರೆ ಬೇರೆ ಕ್ರಮದಲ್ಲಿ ಅದೇ ದಾಖಲೆಗಳನ್ನು ಹಿಡಿಯುತ್ತಿವೆ ಎಂದು ಊಹಿಸಿದರು. ಎರಡೇ ದಾಖಲೆಗಳಿಂದ ಅದೇ ವೈಫಲ್ಯವನ್ನು ಮತ್ತೆ ಉಂಟುಮಾಡಿ ಊಹೆಯನ್ನು ಸಾಬೀತುಪಡಿಸಿದರು. ಇನ್ನೂ ಎಲ್ಲೆಲ್ಲಿ ತಾವು ಪರೀಕ್ಷಿಸಿಲ್ಲ ಎಂಬುದನ್ನೂ ಬರೆದಿಟ್ಟರು." ಇದರಲ್ಲಿ ಹೊಗಳಿಕೆಯ ಒಂದು ಪದವೂ ಇಲ್ಲ, ಆದರೂ ಓದಿದವರಿಗೆ ಹುಡುಗಿ ಎಂಥವಳು ಎಂದು ಗೊತ್ತಾಗುತ್ತದೆ.

ಗಮನಿಸಿ, ಬ್ಯಾಂಕಿನ ಹೆಸರಿಲ್ಲ, ಖಾತೆಗಳ ಸಂಖ್ಯೆಯಿಲ್ಲ, ಉಳಿತಾಯವಾದ ಹಣದ ಮೊತ್ತವಿಲ್ಲ. ಕ್ಲೈಂಟ್ ಜೊತೆ ಗೋಪ್ಯತೆಯ ಒಪ್ಪಂದ ಇದ್ದೇ ಇರುತ್ತದೆ. "ಒಂದು ದೊಡ್ಡ ಬ್ಯಾಂಕಿನ ವ್ಯವಸ್ಥೆ" ಎಂದರೆ ಸಾಕು. ಯೋಚನೆಯ ದಾರಿಯನ್ನು ಹೇಳಲು ಗುಟ್ಟಿನ ಅಂಕಿಗಳು ಬೇಕಿಲ್ಲ.

ಮೂರನೆಯ ಪ್ಯಾರಾದಲ್ಲಿ ಇನ್ನೊಂದು ಚಿಕ್ಕ ಘಟನೆ ಬರಲಿ, ಅದು ಬೇರೆ ಗುಣವನ್ನು ತೋರಿಸಲಿ. ಹೊಸದಾಗಿ ಸೇರಿದವರಿಗೆ ಅವಳು ಹೇಗೆ ಕಲಿಸಿದಳು, ರಿವ್ಯೂನಲ್ಲಿ ಕಟುವಾದ ಮಾತು ಕೇಳಿದಾಗ ಏನು ಮಾಡಿದಳು, ಇಂಥದ್ದು. ಕೊರತೆಯನ್ನು ಹೇಳುವ ಜಾಗವೂ ಇದೇ. ಕೆಲವು ಅರ್ಜಿಗಳಲ್ಲಿ ಅದನ್ನು ನೇರವಾಗಿ ಕೇಳುತ್ತಾರೆ. "ಪರಿಪೂರ್ಣತೆಯ ಹಂಬಲವೇ ಇವರ ದೋಷ" ಎಂಬಂಥ ಸಿಹಿ ಸವರಿದ ಮಾತನ್ನು ಯಾರೂ ನಂಬುವುದಿಲ್ಲ. ನಿಜವಾದದ್ದನ್ನು ಬರೆಯಿರಿ: "ಮೊದಲ ವರ್ಷ ದೊಡ್ಡ ಮೀಟಿಂಗ್‌ಗಳಲ್ಲಿ ಇವರು ಬಾಯಿ ಬಿಡುತ್ತಿರಲಿಲ್ಲ, ಸರಿಯಾದ ಉತ್ತರ ಗೊತ್ತಿದ್ದರೂ ಮೀಟಿಂಗ್ ಮುಗಿದ ಮೇಲೆ ನನಗೆ ಬರೆಯುತ್ತಿದ್ದರು. ಈಗ ತಾವೇ ವಾರದ ವಿನ್ಯಾಸ ಚರ್ಚೆಯನ್ನು ನಡೆಸುತ್ತಾರೆ, ಅಪರಿಚಿತರ ಮುಂದೆ ಇನ್ನೂ ಸ್ವಲ್ಪ ತಡೆಯುತ್ತಾರೆ." ಇಂಥ ಎರಡು ವಾಕ್ಯ ಇಡೀ ಪತ್ರಕ್ಕೆ ನಂಬಿಕೆ ತರುತ್ತದೆ.

ಹುಡುಗಿಯರ ಬಗ್ಗೆ ಬರೆಯುವಾಗ ಒಂದು ಎಚ್ಚರ ಬೇಕು. ನಮ್ಮ ಕೈ ಗೊತ್ತಿಲ್ಲದೆಯೇ ವಿನಯ, ಶ್ರದ್ಧೆ, ಸಹಕಾರ ಎಂಬ ಪದಗಳತ್ತ ಹೋಗುತ್ತದೆ. ಹುಡುಗರಿಗಾದರೆ ಅದೇ ಕೆಲಸಕ್ಕೆ ಜಾಣ, ಚುರುಕು, ಸ್ವಂತ ವಿಚಾರ ಎನ್ನುತ್ತೇವೆ. ಬರೆದಾದ ಮೇಲೆ ಇದನ್ನೊಮ್ಮೆ ನೋಡಿಕೊಳ್ಳಿ. ಮದುವೆ, ಮನೆ, ಊರು, ಆರೋಗ್ಯ ಇವು ಯಾರ ಪತ್ರದಲ್ಲೂ ಬೇಡ.

ಕೊನೆಯ ಪ್ಯಾರಾ ಚಿಕ್ಕದು. ಅವಳು ಏನು ಓದಲು ಹೊರಟಿದ್ದಾಳೆ, ನೀವು ಹೇಳಿದ ಘಟನೆಗೂ ಅದಕ್ಕೂ ಏನು ನಂಟು ಎಂದು ಒಂದು ವಾಕ್ಯ. ಅವಳ ಆಯ್ಕೆ ಡೇಟಾಬೇಸ್ ಅಥವಾ ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ ಆಗಿದ್ದರೆ ಆ ಡೆಡ್‌ಲಾಕ್ ಪ್ರಕರಣವೇ ಸೇತುವೆ. ಆಮೇಲೆ ನಿಮ್ಮ ಶಿಫಾರಸು, ಕಚೇರಿಯ ಇಮೇಲ್, ಫೋನ್.

ಶೇಕಡಾ ಎಷ್ಟು?

ಪತ್ರದ ಜೊತೆ ಪೋರ್ಟಲ್‌ನಲ್ಲಿ ಒಂದು ಕೋಷ್ಟಕ ಬರುತ್ತದೆ. ಬುದ್ಧಿಶಕ್ತಿ, ಬರವಣಿಗೆ, ಸ್ವಂತಿಕೆ, ಪ್ರೌಢತೆ ಮುಂತಾದ ಸಾಲುಗಳು. ಮೇಲಿನ ಶೇ 1, ಶೇ 5, ಶೇ 10, ಶೇ 25 ಎಂಬಂಥ ಕಾಲಂಗಳು. ಬಹಳ ಲೀಡ್‌ಗಳು ಎಲ್ಲ ಸಾಲಿಗೂ ಮೊದಲ ಕಾಲಂ ಒತ್ತಿ ಮುಂದೆ ಹೋಗುತ್ತಾರೆ. ಅಲ್ಲೇ ಪಕ್ಕದಲ್ಲಿ "ಎಷ್ಟು ಜನರೊಂದಿಗೆ ಹೋಲಿಸುತ್ತಿದ್ದೀರಿ?" ಎಂಬ ಪ್ರಶ್ನೆಯೂ ಇರುವುದುಂಟು. ನೀವು ಈವರೆಗೆ 12 ಕಿರಿಯರ ಕೆಲಸ ನೋಡಿದ್ದೀರಿ ಎಂದುಕೊಳ್ಳಿ. ಅವರಲ್ಲಿ ಅತ್ಯುತ್ತಮಳು ಎಂದರೂ ಹನ್ನೆರಡರಲ್ಲಿ ಒಬ್ಬಳು, ಅಂದರೆ ಸುಮಾರು ಶೇ 8. ಹಾಗಾಗಿ ಶೇ 10ರ ಕಾಲಂ ಪ್ರಾಮಾಣಿಕ. ಶೇ 1 ಎನ್ನಲು ನೂರು ಜನರನ್ನಾದರೂ ನೋಡಿರಬೇಕು. ಬರವಣಿಗೆಯಲ್ಲಿ ಅವಳು ಹನ್ನೆರಡರಲ್ಲಿ ಮೂರನೆಯವಳಾಗಿದ್ದರೆ ಅಲ್ಲಿ ಶೇ 25 ಒತ್ತಿ. ಸಾಲಿಂದ ಸಾಲಿಗೆ ವ್ಯತ್ಯಾಸವಿರುವ ಕೋಷ್ಟಕ ಯೋಚಿಸಿ ತುಂಬಿದ್ದು ಎಂದು ನೋಡಿದವರಿಗೆ ಗೊತ್ತಾಗುತ್ತದೆ. ಪತ್ರದಲ್ಲೂ ಇದನ್ನೇ ಮಾತಿನಲ್ಲಿ ಬರೆಯಿರಿ: "ನಾನು ನೇರವಾಗಿ ನೋಡಿಕೊಂಡ ಹನ್ನೆರಡು ಕಿರಿಯ ಎಂಜಿನಿಯರ್‌ಗಳಲ್ಲಿ, ಕಾರಣ ಹುಡುಕುವ ವಿಷಯದಲ್ಲಿ ಇವರೇ ಮೊದಲಿಗರು." ಪತ್ರವೂ ಕೋಷ್ಟಕವೂ ಒಂದನ್ನೊಂದು ಅಲ್ಲಗಳೆಯಬಾರದು.

ಸಲ್ಲಿಸುವಾಗ

ಅಭ್ಯರ್ಥಿ ತನ್ನ ಅರ್ಜಿಯಲ್ಲಿ ನಿಮ್ಮ ಇಮೇಲ್ ಹಾಕಿದ ಮೇಲೆ ನಿಮಗೆ ಲಿಂಕ್ ಬರುತ್ತದೆ. ಜಿಮೇಲ್ ಬದಲು ಕಚೇರಿಯ ವಿಳಾಸವನ್ನೇ ಕೊಡಿ; ಪತ್ರ ಬರೆದವರು ನಿಜವಾಗಿ ಆ ಕಂಪನಿಯವರು ಎಂಬುದಕ್ಕೆ ಅದು ಸುಲಭದ ಸಾಕ್ಷಿ. ಕಚೇರಿಯ ಮೇಲ್ ವ್ಯವಸ್ಥೆ ಹೊರಗಿನ ಇಂಥ ಮೇಲ್‌ಗಳನ್ನು ಸ್ಪ್ಯಾಮ್‌ಗೆ ತಳ್ಳುವುದು ಸಾಮಾನ್ಯ, ಹಾಗಾಗಿ ಅವಳು "ಲಿಂಕ್ ಕಳಿಸಿದೆ" ಎಂದ ದಿನವೇ ಅಲ್ಲಿ ಹುಡುಕಿ. ಎಂಟು ವಿಶ್ವವಿದ್ಯಾಲಯ ಎಂದರೆ ಸಾಮಾನ್ಯವಾಗಿ ಎಂಟು ಲಿಂಕ್. ಪತ್ರದೊಳಗೆ ವಿಶ್ವವಿದ್ಯಾಲಯದ ಹೆಸರು ಹಾಕದೆ "ನಿಮ್ಮ ವಿಭಾಗ" ಎಂದು ಬರೆದರೆ, ಒಂದು ಕಡೆಯ ಹೆಸರು ಇನ್ನೊಂದು ಕಡೆಗೆ ಹೋಗುವ ಅಪಾಯ ತಪ್ಪುತ್ತದೆ. ಯುರೋಪಿನ ಕೆಲವು ಕಡೆ ಅಭ್ಯರ್ಥಿಯೇ ಪತ್ರ ಅಪ್‌ಲೋಡ್ ಮಾಡಬೇಕು. ಅಲ್ಲಿಗೆ ಸಹಿ ಮಾಡಿದ ಪಿಡಿಎಫ್ ಅವಳ ಕೈಗೆ ಕೊಡಬೇಕಾಗುತ್ತದೆ.

ಅಮೆರಿಕದ ಪೋರ್ಟಲ್‌ನಲ್ಲಿ, ಅಭ್ಯರ್ಥಿ ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಟ್ಟಿದ್ದಾರೆ ಎಂಬ ಒಂದು ಸಾಲು ಕಾಣಬಹುದು. 1974ರ ಫೆರ್ಪಾ ಎಂಬ ಕಾನೂನು ವಿದ್ಯಾರ್ಥಿಗೆ, ಅಲ್ಲಿ ಸೇರಿದ ಮೇಲೆ, ತನ್ನ ದಾಖಲೆಗಳನ್ನು ನೋಡುವ ಹಕ್ಕು ಕೊಟ್ಟಿದೆ. ಆ ಹಕ್ಕನ್ನು ಸ್ವ-ಇಚ್ಛೆಯಿಂದ ಬಿಡಬಹುದು, ಬಿಡಲೇಬೇಕೆಂದು ವಿಶ್ವವಿದ್ಯಾಲಯ ಒತ್ತಾಯಿಸುವಂತಿಲ್ಲ. ಬಿಟ್ಟ ಪತ್ರ ಮುಕ್ತವಾಗಿ ಬರೆದದ್ದು ಎಂಬ ಭಾವನೆ ಓದುವವರಿಗೆ ಬರುತ್ತದೆ. ಅವಳು ಬಿಟ್ಟುಕೊಟ್ಟಿದ್ದರೆ ನೀವೂ ಆ ಮಾತಿಗೆ ತಕ್ಕಂತೆ ಇರಿ, ಪತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ತೋರಿಸಲು ಹೋಗಬೇಡಿ. ಯಾವ ಘಟನೆಯ ಬಗ್ಗೆ ಬರೆಯುತ್ತಿದ್ದೀರಿ ಎಂದು ಬಾಯಿಮಾತಿನಲ್ಲಿ ಹೇಳಬಹುದು. ಅವಳು ತನ್ನ ಪ್ರಬಂಧದಲ್ಲಿ ಅದನ್ನೇ ಉದ್ದವಾಗಿ ಹೇಳದೆ ಬೇರೆಯದನ್ನು ಬರೆಯಲು ಇದು ನೆರವಾಗುತ್ತದೆ.

ಡೆಡ್‌ಲೈನ್‌ನ ಗಡಿಯಾರ ಅಲ್ಲಿಯದು. ಡಿಸೆಂಬರ್ 15ರ ರಾತ್ರಿ 11:59 ಎಂದು ಅಮೆರಿಕದ ಪೂರ್ವ ಕರಾವಳಿಯ ಸಮಯದಲ್ಲಿದ್ದರೆ, ನಮಗೆ ಅದು 16ರ ಬೆಳಿಗ್ಗೆ 10:29. ಪಶ್ಚಿಮ ಕರಾವಳಿಯಾದರೆ ಮಧ್ಯಾಹ್ನ 1:29. ಅಷ್ಟು ಹೊತ್ತಿದೆ ಎಂದು ಕಾಯುವ ಅಗತ್ಯವಿಲ್ಲ. ಪೋರ್ಟಲ್‌ಗಳು ಕೊನೆಯ ದಿನ ನಿಧಾನವಾಗುತ್ತವೆ, ನಿಮಗೆ ಅದೇ ದಿನ ರಿಲೀಸ್ ಬರುತ್ತದೆ. ಒಂದು ವಾರ ಮೊದಲೇ ಎಲ್ಲ ಲಿಂಕ್‌ಗಳನ್ನು ಒಂದೇ ಕೂತ ಕಡೆ ಮುಗಿಸಿ. ಪ್ರತಿ ಸಲ್ಲಿಕೆಯ ದೃಢೀಕರಣ ಮೇಲ್ ಬಂದಿದೆಯೇ ನೋಡಿ, "ಎಂಟೂ ಆಯ್ತಮ್ಮ, ನಿನ್ನ ಕಡೆ ಸ್ಟೇಟಸ್ ಬದಲಾಗಿದೆಯಾ ನೋಡು" ಎಂದು ತಿಳಿಸಿ.

ಪತ್ರದ ಪ್ರತಿಯನ್ನು ಮುಂದಿನ ಡಿಸೆಂಬರ್‌ವರೆಗಾದರೂ ಇಟ್ಟುಕೊಳ್ಳಿ. ವಿಶ್ವವಿದ್ಯಾಲಯದವರು ದೃಢಪಡಿಸಿಕೊಳ್ಳಲು ಮೇಲ್ ಮಾಡಬಹುದು, ಸ್ಕಾಲರ್‌ಶಿಪ್‌ಗೆ ಅದೇ ಪತ್ರ ಮತ್ತೆ ಬೇಕಾಗಬಹುದು, ಈ ವರ್ಷ ಸೀಟು ಸಿಗದೆ ಅವಳು ಇನ್ನೊಮ್ಮೆ ಅರ್ಜಿ ಹಾಕಬಹುದು. ಹಾಗೆ ಹಾಕಿದರೆ ಹಳೆಯದನ್ನೇ ಕಳಿಸಬೇಡಿ; ಆ ಒಂದು ವರ್ಷದಲ್ಲಿ ಉಳಿದ ಮೂರು ಜಾಬ್‌ಗಳನ್ನು ಅವಳು ಪರೀಕ್ಷಿಸಿದ್ದರೆ ಅದನ್ನೂ ಸೇರಿಸಿ.